ಹಳೆ ಪಿಲ್ಲರ್‌ಗಳ ಹ್ಯಾಮರ್ ಮತ್ತು ಯುಪಿವಿ ರಿಪೋರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಕಟ್ಟಡದ ಪಿಲ್ಲರ್‌ಗಳನ್ನು ಒಡೆಯದೆ ಪರೀಕ್ಷೆ ಮಾಡಿಸಿದವರ ಕೈಗೆ ಕೊನೆಗೆ ಹತ್ತಿಪ್ಪತ್ತು ಪುಟದ ಒಂದು ರಿಪೋರ್ಟ್ ಬರುತ್ತದೆ. ಅದರ ತುಂಬ ರಿಬೌಂಡ್ ಹ್ಯಾಮರ್ ಮತ್ತು ಅಲ್ಟ್ರಾಸಾನಿಕ್ ಪಲ್ಸ್ ವೆಲಾಸಿಟಿ, ಅಂದರೆ ಯುಪಿವಿ, ಅಂಕಿಗಳ ಕೋಷ್ಟಕಗಳು. ರಿಪೋರ್ಟ್ ಓದಿದ ಮೇಲೆ ಮನೆ ಮಾಲೀಕರು, ಸಂಘದ ಪದಾಧಿಕಾರಿಗಳು, ಹೊಸದಾಗಿ ಸೈಟಿಗೆ ಬಂದ ಎಂಜಿನಿಯರ್‌ಗಳು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆ ಕೇಳುತ್ತಾರೆ. ಉತ್ತರಗಳಲ್ಲಿ ಉದ್ದಕ್ಕೂ ಒಂದೇ ಪಿಲ್ಲರಿನ ಲೆಕ್ಕ ಹಿಡಿದಿದ್ದೇನೆ. ನೆಲಮಹಡಿಯ ಪಿಲ್ಲರ್, ಅಳತೆ 300 × 450 ಮಿ.ಮೀ., ವಯಸ್ಸು ನಲವತ್ತು ವರ್ಷದ ಆಸುಪಾಸು, ರಿಪೋರ್ಟ್‌ನಲ್ಲಿ ಅದರ ಹೆಸರು ಸಿ-7. ಅಂಕಿಗಳು ವಿವರಣೆಗೆಂದು ಆರಿಸಿಕೊಂಡವು. ಆದರೆ ಹಳೆ ಕಟ್ಟಡಗಳ ರಿಪೋರ್ಟ್‌ಗಳಲ್ಲಿ ಇಂಥವೇ ಕಾಣಸಿಗುತ್ತವೆ.

ಸಿ-7ರ ಮುಂದೆ "ಅಂದಾಜು ಬಲ 40 ಎಂಪಿಎ" ಅಂತಿದೆ. ಕಟ್ಟುವಾಗ ಹಾಕಿದ್ದು ಎಂ15 ಅಂತ ಕೇಳಿದ್ದೆವು. ಪಿಲ್ಲರ್ ಅಷ್ಟು ಗಟ್ಟಿಯಾಗಿದೆಯಾ?

ಹಾಗೆ ಓದಬೇಡಿ. ಎಂಪಿಎ ಅನ್ನುವುದು ಕಾಂಕ್ರೀಟಿನ ಬಲದ ಅಳತೆ, ಎಂ15 ಅಂದರೆ 15 ಎಂಪಿಎ ದರ್ಜೆಯ ಕಾಂಕ್ರೀಟ್. ಆ 40 ಅನ್ನುವುದನ್ನು ಯಾರೂ ಅಳೆದಿಲ್ಲ. ಸೈಟಿನಲ್ಲಿ ಅಳೆದದ್ದು ರಿಬೌಂಡ್ ನಂಬರ್ ಮಾತ್ರ, ಅದು 41. ಅದನ್ನು ಹ್ಯಾಮರ್ ಜೊತೆ ಬರುವ ಚಾರ್ಟಿಗೆ ಹಿಡಿದಾಗ ಸುಮಾರು 40 ಎಂಪಿಎ ಅಂತ ಬಂದಿದೆ. ಆ ಚಾರ್ಟ್ ತಯಾರಾದದ್ದು ಲ್ಯಾಬಿನಲ್ಲಿ, ಕೆಲವೇ ವಾರ ವಯಸ್ಸಿನ ಕಾಂಕ್ರೀಟ್ ಕ್ಯೂಬ್‌ಗಳನ್ನು ಮೊದಲು ಹ್ಯಾಮರ್‌ನಿಂದ ಬಡಿದು, ಆಮೇಲೆ ಮೆಷಿನ್ನಿನಲ್ಲಿ ಒಡೆದು. ನಿಮ್ಮ ಪಿಲ್ಲರಿನ ಜಲ್ಲಿ, ಸಿಮೆಂಟ್, ವಯಸ್ಸು, ಮೇಲ್ಮೈ ಯಾವುದೂ ಆ ಕ್ಯೂಬ್‌ಗಳಂತಿಲ್ಲ.

ಇದೇ ಹ್ಯಾಮರ್‌ನಿಂದ ರಚನೆಯ ಬಲ ಊಹಿಸಿದರೆ ನಿಖರತೆ ಹೆಚ್ಚೆಂದರೆ ±25 ಶೇಕಡ ಎಂದು ಭಾರತೀಯ ಮಾನಕ ಐಎಸ್ 13311ರ ಎರಡನೇ ಭಾಗವೇ 1992ರಲ್ಲಿ ಬರೆದಿತ್ತು. ಅದೂ ಆ ಕಾಂಕ್ರೀಟಿಗೆ ಹೊಂದುವ ಕ್ಯಾಲಿಬ್ರೇಷನ್ ಇದ್ದಾಗಿನ ಮಾತು. ಹಾಗಾಗಿ 40 ಅಂದರೆ ಒಳ್ಳೆಯ ಪರಿಸ್ಥಿತಿಯಲ್ಲಿಯೂ 30ರಿಂದ 50ರ ನಡುವೆ ಎಲ್ಲೋ ಎಂದರ್ಥ. ಹಳೆ ಪಿಲ್ಲರಿನಲ್ಲಿ ಪರಿಸ್ಥಿತಿ ಒಳ್ಳೆಯದಾಗಿರುವುದೇ ಇಲ್ಲ, ಕಾರಣ ಮುಂದಿದೆ.

ಹ್ಯಾಮರ್ ನಿಜವಾಗಿ ಏನನ್ನು ಅಳೆಯುತ್ತದೆ?

ಒಳಗಿರುವ ಸ್ಪ್ರಿಂಗ್ ಒಂದು ಉಕ್ಕಿನ ತುಂಡನ್ನು ಗೊತ್ತಾದ ಶಕ್ತಿಯಲ್ಲಿ ಮುಂದಕ್ಕೆ ಎಸೆಯುತ್ತದೆ. ಕಟ್ಟಡಗಳಿಗೆ ಬಳಸುವ ಎನ್ ಮಾದರಿಯಲ್ಲಿ ಆ ಶಕ್ತಿ ಸುಮಾರು 2.2 ನ್ಯೂಟನ್ ಮೀಟರ್. ತುಂಡು ಕಾಂಕ್ರೀಟಿಗೆ ಒತ್ತಿರುವ ಕಡ್ಡಿಗೆ ಬಡಿದು ಎಷ್ಟು ಹಿಂದಕ್ಕೆ ಪುಟಿಯಿತು ಅನ್ನುವುದೇ ರಿಬೌಂಡ್ ನಂಬರ್. ಮೇಲ್ಮೈ ಗಡುಸಾಗಿದ್ದರೆ ಹೆಚ್ಚು ಪುಟಿಯುತ್ತದೆ, ಮೆತ್ತಗಿದ್ದರೆ ಕಡಿಮೆ.

ಅಂದರೆ ಅದಕ್ಕೆ ಗೊತ್ತಾಗುವುದು ಮೇಲಿನ ಸುಮಾರು 30 ಮಿ.ಮೀ. ಪದರ ಮಾತ್ರ. 300 ಮಿ.ಮೀ. ದಪ್ಪದ ಪಿಲ್ಲರಿನಲ್ಲಿ ಭಾರ ಹೊರುವ ಬಹುಪಾಲು ಕಾಂಕ್ರೀಟಿನ ಬಗ್ಗೆ ಹ್ಯಾಮರ್ ಏನನ್ನೂ ಹೇಳಿಲ್ಲ. ನಡುವೆ ಜಲ್ಲಿ ಬಿಟ್ಟುಕೊಂಡು ಟೊಳ್ಳಾಗಿದ್ದರೂ ಹೊರಚರ್ಮ ಚೆನ್ನಾಗಿದ್ದರೆ ರೀಡಿಂಗ್ ಚೆನ್ನಾಗಿಯೇ ಬರುತ್ತದೆ.

ಹಳೆಯದಾದಷ್ಟೂ ರೀಡಿಂಗ್ ಹೆಚ್ಚು ಬರುವುದು ಯಾಕೆ?

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಕಾಂಕ್ರೀಟಿನೊಳಗೆ ಇಳಿಯುತ್ತದೆ. ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಅದು ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಕಾರ್ಬೊನೇಷನ್ ಅನ್ನುವುದು ಇದನ್ನೇ. ಹೊರಗಿನಿಂದ ಒಳಕ್ಕೆ ವರ್ಷಗಟ್ಟಲೆ ಸಾಗುವ ಈ ಬದಲಾವಣೆ ಮೇಲ್ಪದರವನ್ನು ಗಡುಸು ಮಾಡುತ್ತದೆ, ಒಳಗಿನ ಕಾಂಕ್ರೀಟನ್ನು ಗಟ್ಟಿ ಮಾಡುವುದಿಲ್ಲ. ಹ್ಯಾಮರ್ ಓದುವ ಪದರವೂ, ಕಾರ್ಬೊನೇಷನ್ ಆಗುವ ಪದರವೂ ಒಂದೇ ಆಗಿರುವುದರಿಂದ ನಂಬರ್ ಏರುತ್ತದೆ.

ಮೇಲೆ ಹೇಳಿದ ಮಾನಕದ ಪ್ರಕಾರ ಇದರಿಂದ ಬಲದ ಅಂದಾಜು ವಿಪರೀತ ಸಂದರ್ಭಗಳಲ್ಲಿ 50 ಶೇಕಡದವರೆಗೆ ಹೆಚ್ಚಾಗಿ ತೋರಬಹುದು. ಸಿ-7ಕ್ಕೆ ಅದನ್ನು ಹಚ್ಚಿ ನೋಡಿ. 40ನ್ನು 1.5ರಿಂದ ಭಾಗಿಸಿದರೆ 27ರ ಹತ್ತಿರ ಬಂತು. ಅದರ ಮೇಲೆ ±25 ಶೇಕಡ ಹಾಕಿದರೆ 20ರಿಂದ 33. ರಿಪೋರ್ಟ್‌ನಲ್ಲಿ ಒಂದೇ ಅಂಕಿಯಾಗಿ ಮುದ್ರಿತವಾದ 40ರ ಹಿಂದೆ ಇಷ್ಟು ಅಗಲದ ಅನುಮಾನ ಇದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಕಾಂಕ್ರೀಟ್ ಎಷ್ಟು ಕಳಪೆಯೋ, ಎಷ್ಟು ರಂಧ್ರಮಯವೋ, ಕಾರ್ಬೊನೇಷನ್ ಅಷ್ಟು ಬೇಗ ಒಳಕ್ಕೆ ಇಳಿಯುತ್ತದೆ. ಹಾಗಾಗಿ ಕೆಟ್ಟ ಪಿಲ್ಲರಿನ ರೀಡಿಂಗೇ ಹೆಚ್ಚು ಉಬ್ಬುವ ಸಾಧ್ಯತೆ ಇದೆ. ಪಿಲ್ಲರ್‌ಗಳನ್ನು ಒಂದಕ್ಕೊಂದು ಹೋಲಿಸುವುದಕ್ಕಾದರೂ ಹ್ಯಾಮರ್ ಸಾಕು ಅನ್ನುವವರು ಈ ವಿಷಯ ಮರೆಯುತ್ತಾರೆ.

ಕಾರ್ಬೊನೇಷನ್ ಎಷ್ಟು ಆಳ ಆಗಿದೆ ಅಂತ ತಿಳಿಯುವುದು ಹೇಗೆ?

ಸುಲಭ. ಆಲ್ಕೋಹಾಲಿನಲ್ಲಿ ಕರಗಿಸಿದ 1 ಶೇಕಡ ಫಿನಾಲ್ಫ್ತಲೀನ್ ದ್ರಾವಣ ಬೇಕು. ಆಗಷ್ಟೇ ಒಡೆದ ಕಾಂಕ್ರೀಟ್ ಮುಖಕ್ಕೆ ಸಿಂಪಡಿಸಿದರೆ ಇನ್ನೂ ಕ್ಷಾರೀಯವಾಗಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಕಾರ್ಬೊನೇಟ್ ಆದ ಹೊರಭಾಗ ಬಣ್ಣ ಕಟ್ಟದೆ ಹಾಗೇ ಉಳಿಯುತ್ತದೆ. ಬಣ್ಣವಿಲ್ಲದ ಪಟ್ಟಿಯ ಅಗಲವನ್ನು ಸ್ಕೇಲ್ ಇಟ್ಟು ಅಳೆದರೆ ಆಯಿತು. ಡ್ರಿಲ್ ಮಾಡಿದ ತೂತಿನಲ್ಲಿ ನೋಡುವುದಾದರೆ ಮೊದಲು ದೂಳನ್ನು ಪೂರ್ತಿ ಊದಿ ತೆಗೆಯಬೇಕು. ಒಳಗಿನಿಂದ ಬಂದ ದೂಳು ತೂತಿನ ಬಾಯಿಗೆ ಮೆತ್ತಿಕೊಂಡಿದ್ದರೆ ಎಲ್ಲ ಕಡೆ ಗುಲಾಬಿ ಕಂಡು, ಕಾರ್ಬೊನೇಷನ್ ಆಗಿಯೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಸಿ-7ರಲ್ಲಿ ಈ ಪಟ್ಟಿ 30 ಮಿ.ಮೀ. ಇತ್ತು ಎಂದುಕೊಳ್ಳಿ. ಹ್ಯಾಮರ್ ಓದುವ ಪದರ ಪೂರ್ತಿ ಕಾರ್ಬೊನೇಟ್ ಆದದ್ದೇ ಎಂದಾಯಿತು. ಹಳೆ ಪಿಲ್ಲರಿನ ಹ್ಯಾಮರ್ ರಿಪೋರ್ಟ್‌ನಲ್ಲಿ ಈ ಆಳ ಬರೆದೇ ಇಲ್ಲದಿದ್ದರೆ, ನನ್ನ ಮಟ್ಟಿಗೆ, ಅದರ ಬಲದ ಕಾಲಮ್ಮನ್ನು ಓದುವ ಅಗತ್ಯವೇ ಇಲ್ಲ.

ಮೇಲಿನ ಗಡಸು ಪದರವನ್ನು ಉಜ್ಜಿ ತೆಗೆದು ಬಡಿದರೆ ಆಗುವುದಿಲ್ಲವೆ?

ಕೆಲವು ಮಿ.ಮೀ. ಆಳ ಇದ್ದರೆ ಗ್ರೈಂಡಿಂಗ್ ಮಾಡಿ ಹೋಲಿಸಿ ನೋಡಬಹುದು, ಮಾನಕವೂ ಇದಕ್ಕೆ ಒಪ್ಪುತ್ತದೆ. 30 ಮಿ.ಮೀ. ತೆಗೆಯಹೊರಟರೆ ಕಂಬಿಯೇ ಸಿಗುತ್ತದೆ. ಅಷ್ಟು ಕೆತ್ತುವ ಬದಲು ಒಂದು ಕೋರ್, ಅಂದರೆ ಲ್ಯಾಬಿನಲ್ಲಿ ಒಡೆದು ನೋಡಲು ಕೊರೆದ ದುಂಡನೆಯ ತುಂಡು, ತೆಗೆಯುವುದು ಮೇಲು.

ಹ್ಯಾಮರ್ ಟೆಸ್ಟ್ ಸರಿಯಾಗಿ ಮಾಡಿದ್ದಾರೆಯೇ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಟೆಸ್ಟ್ ನಡೆಯುವಾಗ ಹತ್ತಿರ ನಿಂತು ನೋಡಿ. ಮೊದಲಿಗೆ ಪ್ಲಾಸ್ಟರ್ ತೆಗೆದಿರಬೇಕು. ಪ್ಲಾಸ್ಟರ್ ಮೇಲೆಯೇ ಬಡಿದರೆ ಪ್ಲಾಸ್ಟರಿನ ರೀಡಿಂಗ್ ಬರುತ್ತದೆ. ತೆಗೆದ ಜಾಗದಲ್ಲಿ ಕಾಂಕ್ರೀಟಿಗೆ ಅಂಟಿಕೊಂಡ ತೆಳು ಗಾರೆ ಉಳಿಯದಂತೆ ಹ್ಯಾಮರ್ ಜೊತೆ ಬರುವ ಕಲ್ಲಿನಿಂದ ಉಜ್ಜಿ ಸಮ ಮಾಡಿರಬೇಕು. ಪ್ಲಾಸ್ಟರ್ ಹಿಡಿಯಲೆಂದು ಕಟ್ಟುವಾಗ ಪಿಲ್ಲರ್ ಮೈಗೆ ಕಚ್ಚು ಹಾಕಿರುತ್ತಾರೆ. ಆ ಕಚ್ಚಿನ ಅಂಚಿಗೆ ಬಿದ್ದ ಪೆಟ್ಟು ಲೆಕ್ಕಕ್ಕೆ ಬಾರದು.

ಆಮೇಲೆ ಹ್ಯಾಮರನ್ನೇ ಪರೀಕ್ಷಿಸಬೇಕು. ಅದಕ್ಕೆಂದೇ ಇರುವ ಉಕ್ಕಿನ ಆನ್ವಿಲ್ ಮೇಲೆ ಎನ್ ಮಾದರಿಯ ಹ್ಯಾಮರ್ 80ರ ಆಸುಪಾಸು, ಎರಡು ಅಂಕ ಆಚೀಚೆ, ತೋರಿಸಬೇಕು. ಆನ್ವಿಲ್ ಸೈಟಿಗೆ ಬಂದಿಲ್ಲವಾದರೆ ಕೊನೆಯ ಸಲ ಯಾವಾಗ ನೋಡಿದಿರಿ ಅಂತ ಕೇಳಿ.

ಪೆಟ್ಟುಗಳ ನಡುವೆ ಕನಿಷ್ಠ 25 ಮಿ.ಮೀ. ಅಂತರ ಇರಬೇಕು, ಒಂದೇ ಗುರುತಿನ ಮೇಲೆ ಎರಡು ಸಲ ಬಡಿಯುವಂತಿಲ್ಲ, ಪಿಲ್ಲರಿನ ಮೂಲೆಗೆ ತೀರ ಹತ್ತಿರ ಹೋಗುವಂತಿಲ್ಲ. ಹ್ಯಾಮರ್ ನೆಲಕ್ಕೆ ಸಮಾನಾಂತರವಾಗಿ, ಮೈಗೆ ನೇರ ಕೋನದಲ್ಲಿರಬೇಕು. ಪಿಲ್ಲರಿಗೆ ಬಳಸಬೇಕಾದ್ದು ಅಡ್ಡ ಹಿಡಿದ ಹ್ಯಾಮರಿನ ಚಾರ್ಟ್. ಸ್ಲ್ಯಾಬಿನ ಅಡಿಯಿಂದ ಮೇಲಕ್ಕೆ ಬಡಿಯುವಾಗಿನ ಚಾರ್ಟ್ ಬೇರೆ.

ಹತ್ತು ರೀಡಿಂಗ್ ತೆಗೆದು ಒಂದನ್ನು ಹೊಡೆದುಹಾಕಿದ್ದಾರೆ. ಅಂಕಿ ತಿದ್ದಿದ ಹಾಗಲ್ಲವೆ?

ಅಲ್ಲ, ಅದು ನಿಯಮವೇ. ಸಿ-7ರ ಮಧ್ಯಭಾಗದ ರೀಡಿಂಗ್‌ಗಳು ಇವು: 38, 41, 44, 40, 43, 52, 42, 39, 43, 41. ಸರಾಸರಿ 42.3. ಅಮೆರಿಕದ ಎಎಸ್‌ಟಿಎಂ ಸಿ805 ಪದ್ಧತಿಯಲ್ಲಿ ಸರಾಸರಿಯಿಂದ 6 ಅಂಕಕ್ಕಿಂತ ಹೆಚ್ಚು ದೂರವಿರುವುದನ್ನು ಬಿಡಬೇಕು. 52 ಹೋಯಿತು, ಅದು ಬಹುಶಃ ನೇರವಾಗಿ ಒಂದು ಜಲ್ಲಿಯ ಮೇಲೆ ಬಿದ್ದ ಪೆಟ್ಟು. ಉಳಿದ ಒಂಬತ್ತರ ಸರಾಸರಿ 41.2. ಎರಡಕ್ಕಿಂತ ಹೆಚ್ಚು ರೀಡಿಂಗ್ ಬಿಡಬೇಕಾಗಿ ಬಂದರೆ ಆ ಜಾಗದ ಇಡೀ ಸೆಟ್ಟನ್ನೇ ಬಿಟ್ಟು ಬೇರೆ ಕಡೆ ತೆಗೆಯಬೇಕು. ಬೇರೆ ಮಾನಕಗಳಲ್ಲಿ ಪೆಟ್ಟಿನ ಸಂಖ್ಯೆ, ಬಿಡುವ ನಿಯಮ ಬೇರೆ ಇವೆ. ಯಾವುದನ್ನು ಅನುಸರಿಸಿದ್ದಾರೆ ಅಂತ ಬರೆದಿರಬೇಕು, ಬಿಟ್ಟ ಅಂಕಿಯೂ ಕಾಣಬೇಕು. ನಿಜಕ್ಕೂ ಅನುಮಾನ ಪಡಬೇಕಾದ್ದು ಹತ್ತಕ್ಕೆ ಹತ್ತೂ 41, 42 ಎಂದೇ ಇರುವ ರಿಪೋರ್ಟ್ ಬಗ್ಗೆ. ಕಾಂಕ್ರೀಟ್ ಅಷ್ಟು ಶಿಸ್ತಿನ ವಸ್ತುವಲ್ಲ.

ಯುಪಿವಿ ಇದಕ್ಕಿಂತ ಹೇಗೆ ಬೇರೆ?

ಪಿಲ್ಲರಿನ ಒಂದು ಮುಖಕ್ಕೆ ಒಂದು ಪ್ರೋಬ್, ಎದುರು ಮುಖಕ್ಕೆ ಇನ್ನೊಂದು. ಮೊದಲನೆಯದರಿಂದ ಹೊರಟ ಶಬ್ದದ ಅಲೆ, ಸಾಮಾನ್ಯವಾಗಿ 54 ಕಿಲೋಹರ್ಟ್ಸ್, ಕಾಂಕ್ರೀಟನ್ನು ದಾಟಿ ಎರಡನೆಯದಕ್ಕೆ ತಲುಪಲು ತೆಗೆದುಕೊಂಡ ಸಮಯವನ್ನು ಮೆಷಿನ್ ತೋರಿಸುತ್ತದೆ. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ.

```
V = L / T
300 ಮಿ.ಮೀ. / 79 ಮೈಕ್ರೊಸೆಕೆಂಡ್ = 3.80 ಕಿ.ಮೀ./ಸೆಕೆಂಡ್
```

ಅಲೆ ಗಾಳಿಯನ್ನು ದಾಟಲಾರದು. ದಾರಿಯಲ್ಲಿ ಟೊಳ್ಳೋ ಬಿರುಕೋ ಸಿಕ್ಕರೆ ಸುತ್ತಿ ಬರುತ್ತದೆ, ಸಮಯ ಹೆಚ್ಚಾಗುತ್ತದೆ, ವೇಗ ಕಡಿಮೆಯಾಗಿ ಕಾಣುತ್ತದೆ. ಹಾಗಾಗಿ ಯುಪಿವಿ ನಿಜಕ್ಕೂ ಉತ್ತರಿಸುವ ಪ್ರಶ್ನೆ, ಈ ಮುಖದಿಂದ ಆ ಮುಖದವರೆಗೆ ಕಾಂಕ್ರೀಟ್ ಒತ್ತಾಗಿ, ಎಡೆಬಿಡದೆ ತುಂಬಿದೆಯೇ ಎಂಬುದು. ಬಲ ಎಷ್ಟು ಅನ್ನುವುದು ಅದರ ಪ್ರಶ್ನೆಯಲ್ಲ.

ದೂರ ಅಳೆಯುವುದರಲ್ಲಿ ತಪ್ಪಾಗುವಂಥದ್ದು ಏನಿದೆ?

ತಪ್ಪಾಗುವುದು ಅಲ್ಲಿಯೇ. ಮೆಷಿನ್ ಸಮಯವನ್ನು 0.1 ಮೈಕ್ರೊಸೆಕೆಂಡಿನವರೆಗೆ ತೋರಿಸುತ್ತದೆ. ದೂರವನ್ನು ಮಾತ್ರ ಯಾರೋ ಟೇಪ್ ಹಿಡಿದು ಅಳೆದು ಹೇಳಬೇಕು. ಇನ್ನೂ ಕೆಟ್ಟದ್ದೆಂದರೆ ಡ್ರಾಯಿಂಗ್ ನೋಡಿ ತುಂಬುವುದು. ಪ್ಲಾಸ್ಟರ್ ಎರಡೂ ಕಡೆ 15 ಮಿ.ಮೀ. ಇದ್ದು, ಅದನ್ನು ಪ್ರೋಬ್ ಇಡುವಷ್ಟು ಜಾಗದಲ್ಲಿ ತೆಗೆದು, ಪಕ್ಕದ ಪ್ಲಾಸ್ಟರ್ ಮೇಲಿನಿಂದ ಅಗಲ ಅಳೆದರೆ 330 ಸಿಗುತ್ತದೆ. ಸಮಯ 88 ಮೈಕ್ರೊಸೆಕೆಂಡ್ ಇದ್ದರೆ ನಿಜವಾದ ವೇಗ 300/88, ಅಂದರೆ 3.41. ತಪ್ಪು ದೂರದಲ್ಲಿ 3.75. ಮುಂದಿನ ಉತ್ತರದಲ್ಲಿ ಬರುವ ಐಎಸ್ 13311ರ ಹಳೆ ಪಟ್ಟಿಯಲ್ಲಿ "ಮಧ್ಯಮ" ಆಗಬೇಕಿದ್ದದ್ದು ಟೇಪಿನ ತಪ್ಪಿನಿಂದ "ಉತ್ತಮ" ಆಯಿತು. ದೊಡ್ಡ ಕ್ಯಾಲಿಪರ್ ಇಟ್ಟು ಕಾಂಕ್ರೀಟಿನಿಂದ ಕಾಂಕ್ರೀಟಿಗೆ ಅಳೆಯಬೇಕು. ಹಳೆ ಸೆಂಟ್ರಿಂಗ್ ಹಲಗೆಗಳು ಉಬ್ಬಿ, ಒಂದೇ ಪಿಲ್ಲರ್ ಬುಡದಲ್ಲಿ ಒಂದು ಅಳತೆ, ತಲೆಯಲ್ಲಿ ಒಂದು ಅಳತೆ ಇರುತ್ತದೆ. ಅದಕ್ಕೇ ಪ್ರತಿ ಬಿಂದುವಿನಲ್ಲೂ ಬೇರೆಯಾಗಿ ಅಳೆಯಬೇಕು.

ಪ್ರೋಬ್ ಮತ್ತು ಕಾಂಕ್ರೀಟ್ ನಡುವೆ ಗ್ರೀಸೋ ಜೆಲ್ಲೋ ಸರಿಯಾಗಿ ಹಚ್ಚಿ ಒತ್ತಿ ಹಿಡಿಯದಿದ್ದರೂ ಸಮಯ ಹೆಚ್ಚು ಬರುತ್ತದೆ. ಒತ್ತಿದಂತೆಲ್ಲ ಅಂಕಿ ಇಳಿದು ಒಂದು ಕಡೆ ನಿಲ್ಲಬೇಕು. ನಿಲ್ಲದೆ ಓಡಾಡುತ್ತಿರುವ ಅಂಕಿಯನ್ನು ಬರೆದುಕೊಳ್ಳಬಾರದು.

ರಿಪೋರ್ಟ್‌ನಲ್ಲಿ ಸಿ-7ಕ್ಕೆ ಯುಪಿವಿ ಸರಾಸರಿ 3.65, "ಉತ್ತಮ" ಅಂತಿದೆ. ಇದನ್ನಾದರೂ ನಂಬಬಹುದೆ?

ಸರಾಸರಿಯನ್ನು ಬಿಟ್ಟು ಬಿಡಿ ಅಂಕಿಗಳನ್ನು ನೋಡಿ. ಇದು ಇಡೀ ರಿಪೋರ್ಟ್‌ನಲ್ಲಿ ಅತಿ ಮುಖ್ಯವಾದ ಜಾಗ.

ಸಿ-7ರಲ್ಲಿ ಮೂರು ಎತ್ತರದಲ್ಲಿ ಅಳೆದಿದ್ದಾರೆ. ಬುಡದಲ್ಲಿ 74 ಮೈಕ್ರೊಸೆಕೆಂಡ್, ಅಂದರೆ 4.05 ಕಿ.ಮೀ./ಸೆಕೆಂಡ್. ನಡುವೆ 79, ಅಂದರೆ 3.80. ತಲೆಯಲ್ಲಿ, ಬೀಮಿನ ಕೆಳಗೆ, 97, ಅಂದರೆ 3.09. ಮೂರನ್ನೂ ಕೂಡಿಸಿ ಭಾಗಿಸಿದರೆ 3.65. ಐಎಸ್ 13311ರ ಮೊದಲ ಭಾಗದ 1992ರ ಪಟ್ಟಿಯಲ್ಲಿ 4.5ಕ್ಕಿಂತ ಮೇಲೆ ಅತ್ಯುತ್ತಮ, 3.5ರಿಂದ 4.5 ಉತ್ತಮ, 3.0ರಿಂದ 3.5 ಮಧ್ಯಮ, 3.0ಕ್ಕಿಂತ ಕೆಳಗೆ ಸಂದೇಹಾಸ್ಪದ. ಸರಾಸರಿ "ಉತ್ತಮ"ದಲ್ಲಿ ಕೂತಿತು, ತಲೆಯ ಭಾಗದ ಕಥೆ ಅದರಡಿ ಮುಚ್ಚಿಹೋಯಿತು. ಆದರೆ ಪಿಲ್ಲರ್ ಭಾರ ಹೊರುವಾಗ ಸರಾಸರಿ ಹಾಕಿಕೊಂಡು ಹೊರುವುದಿಲ್ಲ. ಮೇಲಿನ ಭಾರವೆಲ್ಲ ಆ ದುರ್ಬಲ ಅಡ್ಡಕೊಯ್ತದ ಮೂಲಕವೇ ಇಳಿಯಬೇಕು.

ಪಿಲ್ಲರಿನ ತಲೆ ಹೀಗಿರುವುದು ಆಕಸ್ಮಿಕವಲ್ಲ. ಕಾಂಕ್ರೀಟ್ ಹಾಕಿದಾಗ ಜಲ್ಲಿ ಕೆಳಕ್ಕೆ ಇಳಿದು ನೀರು ಮೇಲಕ್ಕೆ ಬರುತ್ತದೆ, ಹಾಗಾಗಿ ಮೇಲ್ಭಾಗ ಸಾಮಾನ್ಯವಾಗಿ ಬುಡಕ್ಕಿಂತ ದುರ್ಬಲ. ಅದರ ಜೊತೆಗೆ ಬೀಮಿನ ಕಂಬಿಗಳ ಗೋಜಲಿನಲ್ಲಿ ವೈಬ್ರೇಟರ್ ಇಳಿಯದೆ ಜೇನುಗೂಡಿನಂತಾಗಿರಬಹುದು. 4.05ರಿಂದ 3.80ಕ್ಕೆ ಇಳಿದದ್ದು ಮೊದಲ ಕಾರಣಕ್ಕೆ ಸಲ್ಲುತ್ತದೆ. 3.09 ಅಷ್ಟಕ್ಕೇ ಆಗುವಂಥದ್ದಲ್ಲ, ಅಲ್ಲಿ ಟೊಳ್ಳೋ ಬಿರುಕೋ ಇರುವ ಅನುಮಾನ ಬರಬೇಕು. ಮುಂದಿನ ಹೆಜ್ಜೆ, ಆ ಭಾಗದಲ್ಲಿ 100 ಮಿ.ಮೀ. ಚೌಕಗಳ ಗುರುತು ಹಾಕಿ ಎರಡೂ ದಿಕ್ಕಿನಲ್ಲಿ ಮತ್ತೆ ಅಳೆಯುವುದು. ಕಡಿಮೆ ವೇಗ ಒಂದೆರಡು ಚೌಕಕ್ಕೆ ಸೀಮಿತವಾಗಿದ್ದರೆ ಅಲ್ಲಿ ಸ್ವಲ್ಪ ಕೆತ್ತಿ ಕಣ್ಣಿನಿಂದಲೇ ನೋಡಿ ಖಚಿತಪಡಿಸಿಕೊಳ್ಳಬಹುದು.

ಅಂದಹಾಗೆ ಐಎಸ್ 13311ರ ಜಾಗಕ್ಕೆ ಈಗ ಐಎಸ್ 516ರ ಐದನೇ ಭಾಗದ ವಿಭಾಗಗಳು ಬಂದಿವೆ. ಇನ್ನೂ ಹಳೆ ಪಟ್ಟಿಯನ್ನೇ ಅಂಟಿಸುವ ರಿಪೋರ್ಟ್‌ಗಳು ಬರುತ್ತಿರುತ್ತವೆ. ಯಾವ ಪಟ್ಟಿಯ ಪ್ರಕಾರ "ಉತ್ತಮ" ಅಂತ ಕೇಳುವುದು ತಪ್ಪಲ್ಲ.

ಕಂಬಿಗಳಿಂದ ಯುಪಿವಿ ರೀಡಿಂಗ್ ಕೆಡುವುದಿಲ್ಲವೆ?

ಕೆಡುತ್ತದೆ. ಉಕ್ಕಿನಲ್ಲಿ ಅಲೆಯ ವೇಗ ಸೆಕೆಂಡಿಗೆ 5.9 ಕಿ.ಮೀ.ವರೆಗೂ ಇರುತ್ತದೆ, ಕಾಂಕ್ರೀಟಿನದಕ್ಕಿಂತ ಬಹಳ ಹೆಚ್ಚು. ಅಲೆಯ ದಾರಿಗೆ ಅಡ್ಡಲಾಗಿರುವ ಉದ್ದುದ್ದ ಕಂಬಿಗಳಿಂದ ದೊಡ್ಡ ತೊಂದರೆಯಿಲ್ಲ, ಅಲೆ ಅದರ ದಪ್ಪದಷ್ಟನ್ನೇ ದಾಟುತ್ತದೆ. ತೊಂದರೆ ಕೊಡುವವು ರಿಂಗುಗಳು. ರಿಂಗಿನ ಕಾಲು ಒಂದು ಮುಖದಿಂದ ಎದುರು ಮುಖದ ಕಡೆಗೆ, ಅಲೆ ಹೋಗುವ ದಿಕ್ಕಿನಲ್ಲೇ ಮಲಗಿರುತ್ತದೆ. ಪ್ರೋಬ್ ಅದರ ಪಕ್ಕ ಬಿದ್ದರೆ ಅಲೆ ಕಬ್ಬಿಣ ಹಿಡಿದು ಬೇಗ ತಲುಪಿ, ಕಾಂಕ್ರೀಟ್ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

ಆದ್ದರಿಂದ ಮೊದಲು ಒಳಗಿನ ಕಂಬಿ ಎಲ್ಲಿದೆ ಎಂದು ತೋರಿಸುವ ಕವರ್ ಮೀಟರ್ ಆಡಿಸಿ ರಿಂಗುಗಳ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಎರಡು ರಿಂಗಿನ ನಡುವೆ, ಮೂಲೆಯಿಂದ ದೂರ, ಮುಖದ ಮಧ್ಯಕ್ಕೆ ಪ್ರೋಬ್ ಇಡಬೇಕು. ರಿಪೋರ್ಟ್‌ನ ಫೋಟೋಗಳಲ್ಲಿ ಈ ಗೆರೆಗಳು ಕಾಣದಿದ್ದರೆ ಒಂದು ಪ್ರಶ್ನೆ ಕೇಳಲೇಬೇಕು.

ಗೋಡೆಗೆ ಸೇರಿದ ಪಿಲ್ಲರಿನ ಒಂದೇ ಮುಖ ಸಿಗುತ್ತದೆ. ಆಗ?

ಎರಡೂ ಪ್ರೋಬನ್ನು ಅದೇ ಮುಖದ ಮೇಲೆ ದೂರ ದೂರ ಇಟ್ಟು ಅಳೆಯುತ್ತಾರೆ. ಅದರಲ್ಲಿ ಅಲೆ ಹೆಚ್ಚಾಗಿ ಮೇಲ್ಪದರದಲ್ಲೇ ಸಾಗುತ್ತದೆ, ವೇಗವೂ ನೇರ ಅಳತೆಗಿಂತ ಕಡಿಮೆ ಬರುತ್ತದೆ. ನೇರ ಅಳತೆಯ ಪಿಲ್ಲರ್ ಜೊತೆ ಇದನ್ನು ಒಂದೇ ಕೋಷ್ಟಕದಲ್ಲಿಟ್ಟು ಹೋಲಿಸುವಂತಿಲ್ಲ. ವಿಧಾನ ಯಾವುದು, ತಿದ್ದುಪಡಿ ಏನಾದರೂ ಸೇರಿಸಿದ್ದಾರೆಯೇ ಎಂಬುದು ಬಿಂದುವಿನ ಎದುರಿಗೇ ಬರೆದಿರಬೇಕು. ಸಾಧ್ಯವಿದ್ದರೆ ಗೋಡೆಯ ಎರಡು ಇಟ್ಟಿಗೆ ಬಿಚ್ಚಿಸಿ ಎದುರು ಮುಖ ತೆರೆಯುವುದೇ ಉತ್ತಮ.

ಮಳೆಗಾಲದಲ್ಲಿ, ಪಿಲ್ಲರ್ ತೇವವಾಗಿದ್ದಾಗ ಟೆಸ್ಟ್ ಮಾಡಿದ್ದರು. ಪರಿಣಾಮ ಇದೆಯೆ?

ಇದೆ, ಎರಡರ ಮೇಲೂ, ಅದೂ ಉಲ್ಟಾ ದಿಕ್ಕಿನಲ್ಲಿ. ಒದ್ದೆ ಮೇಲ್ಮೈಯಲ್ಲಿ ಹ್ಯಾಮರ್ ಕಡಿಮೆ ಪುಟಿಯುತ್ತದೆ, ಬಲದ ಅಂದಾಜು ಸುಮಾರು 20 ಶೇಕಡ ಇಳಿಯಬಹುದು. ಯುಪಿವಿಯಲ್ಲಾದರೋ ರಂಧ್ರಗಳ ಗಾಳಿಯ ಜಾಗಕ್ಕೆ ನೀರು ಬಂದು ವೇಗ ಏರುತ್ತದೆ, 5 ಶೇಕಡದವರೆಗೂ. ಇದಕ್ಕಿಂತ ಅಪಾಯಕಾರಿ ಬಿರುಕಿನೊಳಗೆ ನಿಂತ ನೀರು. ಗಾಳಿ ತುಂಬಿದ ಬಿರುಕು ಅಲೆಯನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ದಾಟಿಸಿಬಿಡುತ್ತದೆ. ಬೇಸಿಗೆಯಲ್ಲಿ ಸಿಕ್ಕಿಬೀಳುತ್ತಿದ್ದ ದೋಷ ಮಳೆಗಾಲದ ರಿಪೋರ್ಟ್‌ನಲ್ಲಿ ಕಾಣದೆ ಹೋಗಬಹುದು. ಪಿಲ್ಲರ್ ಒಣಗಿದ ಮೇಲೆ ಅನುಮಾನದ ಬಿಂದುಗಳನ್ನಷ್ಟೇ ಮತ್ತೆ ನೋಡಿಸಿ.

ಯುಪಿವಿ ವೇಗದಿಂದಲೇ ಬಲ ಲೆಕ್ಕ ಹಾಕಿಕೊಟ್ಟಿದ್ದಾರೆ. ಸರಿಯೆ?

ಒಪ್ಪಿಕೊಳ್ಳಬೇಡಿ. ವೇಗ ನಿಂತಿರುವುದು ಕಾಂಕ್ರೀಟಿನ ಎಲಾಸ್ಟಿಕ್ ಮಾಡ್ಯುಲಸ್ ಮತ್ತು ಸಾಂದ್ರತೆಯ ಮೇಲೆ, ನೇರವಾಗಿ ಬಲದ ಮೇಲಲ್ಲ. ವೇಗ ಮಾಡ್ಯುಲಸ್‌ನ ವರ್ಗಮೂಲದಂತೆ ಬದಲಾಗುತ್ತದೆ, ಮಾಡ್ಯುಲಸ್ ಹೆಚ್ಚುಕಡಿಮೆ ಬಲದ ವರ್ಗಮೂಲದಂತೆ. ಎರಡನ್ನೂ ಸೇರಿಸಿ ತಿರುಗಿಸಿದರೆ ಬಲ ವೇಗದ ನಾಲ್ಕನೇ ಘಾತದಂತೆ ಹೋಗುತ್ತದೆ. ವೇಗದಲ್ಲಿ 5 ಶೇಕಡ ತಪ್ಪಾದರೆ 1.05ರ ನಾಲ್ಕನೇ ಘಾತ, ಅಂದರೆ ಬಲದಲ್ಲಿ 21 ಶೇಕಡಕ್ಕೂ ಮೇಲೆ ತಪ್ಪು. ಟೇಪಿನ 10 ಮಿ.ಮೀ., ಸ್ವಲ್ಪ ತೇವ, ಪಕ್ಕದ ಒಂದು ರಿಂಗು, ಇಷ್ಟು ಸೇರಿದರೆ 5 ಶೇಕಡ ಏನೇನೂ ಅಲ್ಲ. ಜಲ್ಲಿಯ ಜಾತಿ ಬದಲಾದರೂ ಅದೇ ಬಲದ ಕಾಂಕ್ರೀಟ್ ಬೇರೆ ವೇಗ ತೋರಿಸುತ್ತದೆ.

ಎರಡು ಟೆಸ್ಟಿನ ಫಲಿತಾಂಶ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಯಾವುದು ಸರಿ?

ಎರಡೂ ಸರಿ ಇರಬಹುದು, ಅವು ನೋಡಿದ್ದು ಬೇರೆ ಬೇರೆಯನ್ನು. ಹ್ಯಾಮರ್ ಹೆಚ್ಚು, ಯುಪಿವಿ ಕಡಿಮೆ ಇದ್ದರೆ ಹೊರಪದರ ಗಡುಸಾಗಿ ಒಳಗೆ ದೋಷವಿರುವ ಅನುಮಾನ. ಹಳೆ ಪಿಲ್ಲರ್‌ಗಳಲ್ಲಿ ಹೆಚ್ಚಾಗಿ ಸಿಗುವುದೂ, ಹೆಚ್ಚು ಹೆದರಬೇಕಾದ್ದೂ ಇದೇ. ಸಿ-7ರ ತಲೆ ಇದಕ್ಕೆ ಸೇರಿದ್ದು. ಹ್ಯಾಮರ್ ಕಡಿಮೆ, ಯುಪಿವಿ ಚೆನ್ನಾಗಿದ್ದರೆ ಮೇಲ್ಮೈ ಮಾತ್ರ ಹಾಳಾಗಿರಬಹುದು ಅಥವಾ ತೇವ ಇರಬಹುದು. ಎರಡೂ ಕಡಿಮೆಯಿದ್ದರೆ ಚರ್ಚೆಗೆ ಹೆಚ್ಚು ಜಾಗವಿಲ್ಲ. ಎರಡೂ ಚೆನ್ನಾಗಿದ್ದರೆ ಕಾಂಕ್ರೀಟ್ ಒತ್ತಾಗಿದೆ ಎನ್ನಬಹುದು. ಆಗಲೂ ಅದರ ಬಲ ಇಷ್ಟೇ ಎಂಪಿಎ ಅಂತ ಹೇಳಲು ಕೋರ್ ಬೇಕು.

ಕೋರ್ ತೆಗೆದರೆ ಪಿಲ್ಲರಿಗೇ ಹಾನಿಯಲ್ಲವೆ?

ಜಾಗ ನೋಡಿ ತೆಗೆದರೆ ಭಯವಿಲ್ಲ. ಎಲ್ಲಿ ತೆಗೆಯಬೇಕು ಅಂತ ತೋರಿಸಿಕೊಡುವುದೇ ಹ್ಯಾಮರ್ ಮತ್ತು ಯುಪಿವಿಯ ನಿಜವಾದ ಉಪಯೋಗ. ಕೋರಿನ ವ್ಯಾಸ ದೊಡ್ಡ ಜಲ್ಲಿಯ ಮೂರರಷ್ಟಾದರೂ ಇರಬೇಕು. 20 ಮಿ.ಮೀ. ಜಲ್ಲಿಗೆ 60 ಅಂದಾಯಿತು, 70 ಮಿ.ಮೀ. ವ್ಯಾಸ ನಡೆಯುತ್ತದೆ. ಕಂಬಿ ಕತ್ತರಿಸದಂತೆ ಕವರ್ ಮೀಟರ್ ಗುರುತಿನ ನಡುವೆ, ಮುಖದ ಮಧ್ಯದಲ್ಲಿ ಕೊರೆಯಬೇಕು, ಆ ದಿನವೇ ಕುಗ್ಗದ ಗ್ರೌಟ್ ತುಂಬಬೇಕು. ಅಗಲ 200 ಮಿ.ಮೀ. ಸುತ್ತಮುತ್ತಲಿನ, ಭಾರ ಹೆಚ್ಚಿರುವ ಸಣ್ಣ ಪಿಲ್ಲರ್ ಆದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆಯಿಲ್ಲದೆ, ಆಸರೆ ಕೊಡದೆ ಕೊರೆಯಬೇಡಿ.

ಒಂದು ಕೋರ್ ಸಾಲದು, ಕನಿಷ್ಠ ಮೂರು ಬೇಕು. ಸಿ-7ರ ಮಧ್ಯಭಾಗ ಮತ್ತು ಅದೇ ಕಾಲಕ್ಕೆ ಹಾಕಿದ ಇನ್ನೆರಡು ಪಿಲ್ಲರ್‌ಗಳಿಂದ ತೆಗೆದ ಕೋರ್‌ಗಳು, ಕ್ಯೂಬ್ ಲೆಕ್ಕಕ್ಕೆ ತಂದ ಮೇಲೆ, 24, 22, 27 ಎಂಪಿಎ ಬಂದವು ಎನ್ನೋಣ. ಅದೇ ಜಾಗಗಳಲ್ಲಿ ಚಾರ್ಟ್ ಹೇಳಿದ್ದು 40, 38, 43. ಅನುಪಾತ 0.60, 0.58, 0.63. ಮೂರೂ ಹತ್ತಿರ ಹತ್ತಿರ ಇರುವುದರಿಂದ ಈ ಕಟ್ಟಡದ ಇದೇ ಬಗೆಯ ಪಿಲ್ಲರ್‌ಗಳಿಗೆ ಚಾರ್ಟಿನ ಅಂಕಿಯನ್ನು 0.6ರಿಂದ ಗುಣಿಸಿ ನೋಡುವುದರಲ್ಲಿ ಅರ್ಥವಿದೆ. ಚಾರ್ಟ್ ಪ್ರಕಾರ 35 ಬಂದ ಪಿಲ್ಲರನ್ನು 21 ಎಂದು ಓದಬೇಕು. ಅನುಪಾತಗಳು 0.4, 0.9 ಅಂತ ಚೆದುರಿದ್ದರೆ ಗುಣಿಸುವ ಕೆಲಸ ಬಿಟ್ಟು ಇನ್ನಷ್ಟು ಕೋರ್ ತೆಗೆಯಬೇಕು. ಇದೇ 0.6ನ್ನು ಪಕ್ಕದ ಕಟ್ಟಡಕ್ಕೋ, ಆಮೇಲೆ ಕಟ್ಟಿದ ಮೇಲ್ಮಹಡಿಗೋ ಒಯ್ಯುವಂತಿಲ್ಲ. ಸಿ-7ರ ತಲೆಗೂ ಹೊಂದುವುದಿಲ್ಲ, ಕೋರ್ ತೆಗೆದದ್ದು ಅಲ್ಲಿಂದಲ್ಲ.

ಒಳಗಿನ ಕಂಬಿ ತುಕ್ಕು ಹಿಡಿದಿದೆಯೇ ಅಂತ ಇವುಗಳಿಂದ ತಿಳಿಯುತ್ತದೆಯೆ?

ಇಲ್ಲ. ತುಕ್ಕು ಉಬ್ಬಿ ಕವರ್, ಅಂದರೆ ಕಂಬಿಯ ಮೇಲಿನ ಕಾಂಕ್ರೀಟ್ ಪದರ, ಬಿಟ್ಟುಕೊಂಡಿದ್ದರೆ ಹ್ಯಾಮರ್ ಪೆಟ್ಟಿಗೆ ಡಬ್ ಡಬ್ ಎಂಬ ಟೊಳ್ಳು ಸದ್ದು ಬರುತ್ತದೆ, ಅಷ್ಟೆ. ತುಕ್ಕಿಗೆ ಹಾಫ್ ಸೆಲ್ ಪೊಟೆನ್ಷಿಯಲ್ ಟೆಸ್ಟ್ ಬೇರೆ ಇದೆ. ಆದರೆ ಫಿನಾಲ್ಫ್ತಲೀನ್ ಫಲಿತಾಂಶ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಕಾರ್ಬೊನೇಷನ್ 30 ಮಿ.ಮೀ. ಇದ್ದು, ಕಂಬಿಯ ಕವರ್ 25 ಮಿ.ಮೀ. ಇದ್ದರೆ ಕಂಬಿಯ ಸುತ್ತಲಿನ ಕ್ಷಾರದ ರಕ್ಷಣೆ ಹೋಗಿದೆ. ತೇವ ಸಿಕ್ಕಿದರೆ ಸಾಕು, ತುಕ್ಕು ಶುರುವಾಗುತ್ತದೆ. ಬಲ 24 ಇದೆಯೋ 27 ಇದೆಯೋ ಎಂಬುದಕ್ಕಿಂತ ಇದೇ ದೊಡ್ಡ ವಿಷಯವಾಗುವ ಕಟ್ಟಡಗಳು ಕಡಿಮೆಯಿಲ್ಲ.

ಈ ರಿಪೋರ್ಟ್ ಇಟ್ಟುಕೊಂಡು ಮೇಲೆ ಇನ್ನೊಂದು ಮಹಡಿ ಕಟ್ಟಬಹುದೆ?

ಇಷ್ಟರಿಂದ ಹೇಳಲಾಗದು. ಪಿಲ್ಲರ್ ತಡೆಯುವ ಭಾರದಲ್ಲಿ ಕಾಂಕ್ರೀಟಿನ ಬಲ ಒಂದು ಪಾಲು ಮಾತ್ರ. ಒಳಗೆ ಎಷ್ಟು ಕಂಬಿ, ಯಾವ ದಪ್ಪ, ರಿಂಗುಗಳ ಅಂತರ ಎಷ್ಟು, ಅಡಿಪಾಯ ಎಂಥದು, ಈಗಾಗಲೇ ಮೇಲಿರುವ ಭಾರ ಎಷ್ಟು, ಇವೆಲ್ಲ ಬೇಕು. ಸಿ-7ರ ವಿಷಯದಲ್ಲಿ ಎಂಜಿನಿಯರ್ ಮಾಡುವ ಕೆಲಸ ಹೀಗಿರುತ್ತದೆ. ಒಂದೆರಡು ಕಡೆ ಕವರ್ ಒಡೆದು ಕಂಬಿಯ ವ್ಯಾಸ ಅಳೆಯುತ್ತಾರೆ. ಕಾಂಕ್ರೀಟಿಗೆ 40ನ್ನು ಬಿಟ್ಟು, ಕೋರ್‌ಗಳಿಂದ ಬಂದ ಅಂಕಿಗಳಲ್ಲಿ ಕೆಳಗಿನದರ ಆಸುಪಾಸು ಹಿಡಿದು, ಮೊದಲು ಈಗಿನ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಬೀಮಿನ ಕೆಳಗಿನ ಟೊಳ್ಳು ಕೆತ್ತಿ ನೋಡಿ ಖಚಿತವಾದರೆ, ಮೇಲಿನ ಭಾರಕ್ಕೆ ಆಸರೆ ಕೊಟ್ಟು, ಸಡಿಲ ಕಾಂಕ್ರೀಟ್ ತೆಗೆದು, ಗ್ರೌಟಿಂಗ್ ಇಲ್ಲವೇ ಪಿಲ್ಲರಿನ ಸುತ್ತ ಹೊಸ ಪದರ ಕಟ್ಟುವ ಜಾಕೆಟಿಂಗ್ ಮಾಡಿಸುತ್ತಾರೆ. ಗ್ರೌಟ್ ಗಟ್ಟಿಯಾದ ಮೇಲೆ ಅದೇ ಚೌಕಗಳಲ್ಲಿ ಯುಪಿವಿ ಮತ್ತೆ ತೆಗೆದು 97 ಮೈಕ್ರೊಸೆಕೆಂಡ್ ಎಷ್ಟಕ್ಕೆ ಇಳಿಯಿತು ಎಂದು ನೋಡಬೇಕು. ಹೊಸ ಮಹಡಿಯ ಲೆಕ್ಕ ಅದಾದ ಮೇಲಿನದು.